ಡ್ರಾಯಿಂಗ್ ಪದೇ ಪದೇ ಬದಲಾದಾಗ ಪೋಲಾದ ಹಾಜರಿಗೆ ಕ್ಲೇಮ್: ‘ಮೆಷರ್ಡ್ ಮೈಲ್’ ಲೆಕ್ಕ ಹಾಕುವುದು ಹೇಗೆ?

ಸ್ಲ್ಯಾಬಿನ ಸೆಂಟ್ರಿಂಗ್ ಅರ್ಧ ಕಟ್ಟಿ ಆಗಿರುತ್ತದೆ. ಅಷ್ಟರಲ್ಲಿ ಡಕ್ಟ್‌ಗೆ ಬಿಟ್ಟ ಜಾಗ ಎರಡಡಿ ಪಕ್ಕಕ್ಕೆ ಹೋಗಬೇಕು ಅಂತ ಹೊಸ ಡ್ರಾಯಿಂಗ್ ಬರುತ್ತದೆ. ಬಿಚ್ಚಿ ಮತ್ತೆ ಕಟ್ಟಿದ್ದನ್ನು ಎಕ್ಸ್‌ಟ್ರಾ ಐಟಂ ಎಂದು ಬಿಲ್‌ನಲ್ಲಿ ಹಾಕಬಹುದು, ಅದು ಅಳತೆಗೆ ಸಿಗುವ ಕೆಲಸ. ಅಳತೆಗೆ ಸಿಗದೆ ಉಳಿಯುವುದು ಬೇರೆಯೇ ಇದೆ. ಹೊಸ ಡ್ರಾಯಿಂಗ್ ಬರುವವರೆಗೆ ಮೇಸ್ತ್ರಿ ಅರ್ಧ ಗ್ಯಾಂಗನ್ನು ಸ್ಲ್ಯಾಬಿನ ಇನ್ನೊಂದು ಭಾಗಕ್ಕೆ ಕಳಿಸುತ್ತಾನೆ, ಅಲ್ಲಿ ಕಂಬಿ ಕಟ್ಟುವವರ ಜೊತೆ ಇವರೂ ಸೇರಿ ಕಾಲಿಗೆ ಕಾಲು ತಾಗುತ್ತದೆ, ಮಧ್ಯಾಹ್ನ ವಾಪಸ್ ಕರೆಸಿದಾಗ ಪ್ಲೇಟು, ಜಾಕಿ ಎಲ್ಲ ಬೇರೆ ಕಡೆ ಹೋಗಿರುತ್ತವೆ. ಆಳುಗಳು ದಿನವಿಡೀ ದುಡಿದಿದ್ದಾರೆ, ಹಾಜರಿ ಬಿದ್ದಿದೆ, ಕಟ್ಟಿದ ಚದರ ಮೀಟರ್ ಮಾತ್ರ ಕಮ್ಮಿ. ಈ ಕುಸಿತವೇ ಉತ್ಪಾದಕತೆ ನಷ್ಟ. ಅದನ್ನು ಸಾಬೀತು ಮಾಡುವ ದಾರಿಗಳಲ್ಲಿ ಹೆಚ್ಚು ನಂಬಿಕೆ ಗಳಿಸಿದ್ದು ಮೆಷರ್ಡ್ ಮೈಲ್. ಬ್ರಿಟನ್ನಿನ ಸೊಸೈಟಿ ಆಫ್ ಕನ್‌ಸ್ಟ್ರಕ್ಷನ್ ಲಾ 2017ರಲ್ಲಿ ಹೊರತಂದ, ವಿಳಂಬ ಮತ್ತು ಅಡ್ಡಿಯ ಕುರಿತ ಪ್ರೋಟೋಕಾಲ್‌ನ ಎರಡನೇ ಆವೃತ್ತಿಯೂ, ಅಮೆರಿಕದ ಎಎಸಿಇ ಸಂಸ್ಥೆಯ 25ಆರ್-03 ಮಾರ್ಗಸೂಚಿಯೂ ಇದಕ್ಕೇ ಮೊದಲ ಮಣೆ ಹಾಕುತ್ತವೆ.

ಹೆಸರು ದೊಡ್ಡದು, ಒಳಗಿನ ಲೆಕ್ಕ ಸರಳ. ತಿಪಟೂರು ಕಡೆ ಕಾಯಿ ಸುಲಿಯುವ ಒಬ್ಬ ಆಳು ಯಾರೂ ಅಡ್ಡ ಬರದ ದಿನ ಎಷ್ಟು ಸುಲಿದ, ತೋಟದವರು ಗಳಿಗೆಗೊಮ್ಮೆ ‘ಈ ರಾಶಿ ಬಿಡು, ಆ ರಾಶಿ ಹಿಡಿ’ ಎಂದ ದಿನ ಎಷ್ಟು ಸುಲಿದ ಎಂದು ಹೋಲಿಸಿದರೆ ಸಾಕು. ಆಳು ಅವನೇ, ಕಾಯಿ ಅದೇ, ಕತ್ತಿ ಅದೇ. ವ್ಯತ್ಯಾಸಕ್ಕೆ ಕಾರಣ ಅಡ್ಡಿ ಒಂದೇ ಉಳಿಯುತ್ತದೆ. ಅಡ್ಡಿಯಿಲ್ಲದ ಆ ಅವಧಿಯೇ ನಮ್ಮ ಅಳತೆಯ ಮೈಲಿ.

ಇದನ್ನು ಒಂದು ಉದಾಹರಣೆಯ ಮೇಲೆ ನಡೆಸೋಣ. ತುಮಕೂರು ಪಕ್ಕದ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಒಂದು ಪ್ರೊಡಕ್ಷನ್ ಬ್ಲಾಕ್ ಎಂದುಕೊಳ್ಳಿ. ಸ್ಲ್ಯಾಬನ್ನು 12 ಭಾಗ ಮಾಡಿ ಒಂದೊಂದಾಗಿ ಕಾಂಕ್ರೀಟ್ ಹಾಕುವ ಯೋಜನೆ. ಐದನೇ ಭಾಗದವರೆಗೆ ಡ್ರಾಯಿಂಗ್ ಬದಲಾಗಲಿಲ್ಲ. ಆರರಿಂದ ಒಂಬತ್ತರವರೆಗೆ ಡಕ್ಟ್ ಓಪನಿಂಗ್ ಮತ್ತು ಬೀಮಿನ ಆಳ ನಾಲ್ಕು ಸಲ ಬದಲಾದವು. ಅಂಕಿಗಳನ್ನು ವಿವರಣೆಗೆಂದೇ ಕಟ್ಟಿಕೊಂಡಿದ್ದೇವೆ, ಲೆಕ್ಕದ ಕ್ರಮ ಮಾತ್ರ ನಿಜವಾದ ಕ್ಲೇಮಿನದೇ.

ಮೊದಲು ನೋಟಿಸ್, ಆಮೇಲೆ ಲೆಕ್ಕ

ಲೆಕ್ಕ ಎಷ್ಟೇ ಚೆನ್ನಾಗಿದ್ದರೂ ನೋಟಿಸ್ ಕೊಡದಿದ್ದರೆ ಕ್ಲೇಮ್ ಬಾಗಿಲಲ್ಲೇ ನಿಲ್ಲಬಹುದು. ನಿಮ್ಮ ಕರಾರಿನಲ್ಲಿ ಎಷ್ಟು ದಿನದೊಳಗೆ ತಿಳಿಸಬೇಕು ಎಂದಿದೆ ಎಂಬುದನ್ನು ಮೊದಲು ಓದಿ. ಫಿಡಿಕ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 1999ರ ಮಾದರಿ ಕರಾರಿನಲ್ಲಿ, ವಿಷಯ ಗೊತ್ತಾದ ಅಥವಾ ಗೊತ್ತಾಗಬೇಕಿದ್ದ ದಿನದಿಂದ 28 ದಿನ. ಬೇರೆ ನಮೂನೆಗಳಲ್ಲಿ ಬೇರೆ ಗಡುವು ಇರುತ್ತದೆ. ಭಾರತೀಯ ಕರಾರು ಕಾಯ್ದೆ 1872ರ 55ನೇ ಕಲಮೂ ಇದೇ ಜಾಗಕ್ಕೆ ತಂದು ನಿಲ್ಲಿಸುತ್ತದೆ. ಎದುರಿನವರು ಒಪ್ಪಿದ ಹೊತ್ತಿಗೆ ಮಾಡಬೇಕಾದ್ದನ್ನು ತಡವಾಗಿ ಮಾಡಿದಾಗ ಸುಮ್ಮನೆ ಒಪ್ಪಿಕೊಂಡು, ಆ ಸಮಯದಲ್ಲೇ ‘ಪರಿಹಾರ ಕೇಳುತ್ತೇನೆ’ ಎಂದು ತಿಳಿಸದಿದ್ದರೆ, ಆಮೇಲೆ ತಡವಾಗಿದ್ದಕ್ಕೆ ಪರಿಹಾರ ಕೇಳುವ ಹಕ್ಕು ಹೋಗುತ್ತದೆ. ಪರಿಷ್ಕೃತ ಡ್ರಾಯಿಂಗ್ ತಡವಾಗಿ ಕೈಸೇರಿದ ಸಂದರ್ಭಕ್ಕೆ ಇದನ್ನು ಎದುರಿನ ವಕೀಲರು ಎತ್ತದೆ ಬಿಡುವುದಿಲ್ಲ.

ನೋಟಿಸ್‌ನಲ್ಲಿ ಮೊತ್ತ ಇರಲೇಬೇಕೆಂದಿಲ್ಲ. ಯಾವ ಡ್ರಾಯಿಂಗ್, ಯಾವ ರಿವಿಷನ್, ಬಂದ ದಿನ, ಆಗ ಯಾವ ಭಾಗದಲ್ಲಿ ಕೆಲಸ ಯಾವ ಹಂತದಲ್ಲಿತ್ತು, ಇದರಿಂದ ಆಳುಗಳ ಇಳುವರಿ ಕುಸಿಯುತ್ತಿದೆ, ವಿವರ ಆಮೇಲೆ ಕೊಡುತ್ತೇವೆ ಎಂಬಷ್ಟು ಸಾಕು. ‘ಸಂಬಂಧ ಕೆಡುತ್ತದೆ’ ಎಂದು ಸುಮ್ಮನಿರುವ ಗುತ್ತಿಗೆದಾರರೇ ನಮ್ಮಲ್ಲಿ ಹೆಚ್ಚು. ಕಾಗದ ಮೃದುವಾಗಿರಲಿ, ಇದ್ದರೆ ಸಾಕು.

ಇನ್ನೊಂದು ವಿಷಯವನ್ನು ಲೆಕ್ಕಕ್ಕೆ ಕೂರುವ ಮೊದಲೇ ನೋಡಿಕೊಳ್ಳಿ. ಸೆಂಟ್ರಿಂಗನ್ನು ಮೇಸ್ತ್ರಿಗೆ ಚದರ ಮೀಟರ್ ಲೆಕ್ಕದಲ್ಲಿ ಗುತ್ತಿಗೆ ಕೊಟ್ಟಿದ್ದೀರಾ? ಹಾಗಿದ್ದರೆ ಹಾಜರಿ ಪೋಲಾದ ನಷ್ಟ ಮೇಸ್ತ್ರಿಯದು, ನಿಮ್ಮದಲ್ಲ. ಅವನಿಗೆ ನೀವು ಹೆಚ್ಚುವರಿ ಕೊಟ್ಟಿದ್ದರೆ, ಅಥವಾ ಕೊಡುವ ಹೊಣೆ ಹೊತ್ತಿದ್ದರೆ, ಅಷ್ಟನ್ನು ಮಾತ್ರ ಮೇಲಿನವರಲ್ಲಿ ಕೇಳಬಹುದು. ಎಷ್ಟೋ ಕ್ಲೇಮ್‌ಗಳು ಬೀಳುವುದು ಇಲ್ಲೇ: ಹಾಜರಿ ಪುಸ್ತಕ ಅಚ್ಚುಕಟ್ಟಾಗಿದೆ, ಲೆಕ್ಕವೂ ಸರಿ, ಆದರೆ ಆ ದುಡ್ಡು ಕ್ಲೇಮ್ ಹಾಕಿದವರ ಜೇಬಿನಿಂದ ಹೋಗಿಯೇ ಇಲ್ಲ. ಈ ಉದಾಹರಣೆಯಲ್ಲಿ ಆಳುಗಳಿಗೆ ಗುತ್ತಿಗೆದಾರರೇ ದಿನಗೂಲಿ ಕೊಡುತ್ತಿದ್ದರು ಎಂದುಕೊಳ್ಳೋಣ.

ಹಾಜರಿಯನ್ನು ಗಂಟೆಗೆ ಇಳಿಸಿ

ಒಂದು ಕಡೆ ಕೆಲಸದ ಪ್ರಮಾಣ, ಇನ್ನೊಂದು ಕಡೆ ಅದಕ್ಕೆ ಹಿಡಿದ ಶ್ರಮ. ಪ್ರಮಾಣ, ಕೆಲಸ ನಡೆಯುತ್ತಿರುವಾಗ ಆಗಾಗ ಹಾಕುವ ಆರ್.ಎ. ಬಿಲ್‌ನಲ್ಲಿ ಎರಡೂ ಕಡೆಯವರು ಸಹಿ ಹಾಕಿದ ಅಳತೆಯಿಂದ ಬರಲಿ, ಆಗ ಅದರ ಬಗ್ಗೆ ತಕರಾರು ಏಳುವುದಿಲ್ಲ. ಶ್ರಮ ಮಸ್ಟರ್ ರೋಲ್‌ನಿಂದ ಬರುತ್ತದೆ, ಮತ್ತು ತೊಡಕಿರುವುದೇ ಅದರಲ್ಲಿ.

ಸೈಟಿನಲ್ಲಿ ಹಾಜರಿ ಎಂದರೆ ಕೂಲಿಯ ಲೆಕ್ಕ, ದುಡಿದ ಹೊತ್ತಿನ ಲೆಕ್ಕವಲ್ಲ. ಸಂಜೆ ನಾಲ್ಕು ಗಂಟೆ ಹೆಚ್ಚಿಗೆ ನಿಂತರೆ ಇನ್ನೊಂದು ಹಾಜರಿ ಬರೆಯುತ್ತಾರೆ. ಕಾನೂನಿನ ಪ್ರಕಾರ ಓವರ್‌ಟೈಮ್‌ಗೆ ಕೂಲಿ ಎರಡು ಪಟ್ಟು, ಹಾಗಾಗಿ ಕೂಲಿ ಕೊಡಲು ಅದು ಸರಿಯೇ. ಆದರೆ ದುಡಿದದ್ದು ಎಂಟು ಗಂಟೆಯಲ್ಲ, ನಾಲ್ಕು. ಅದನ್ನು ಹಾಗೇ ಬಿಟ್ಟರೆ ಅಡ್ಡಿಯ ಅವಧಿಯ ಶ್ರಮ ಸುಳ್ಳೇ ಉಬ್ಬುತ್ತದೆ, ಎದುರಿನವರ ಲೆಕ್ಕಿಗರು ಮೊದಲ ದಿನವೇ ಹಿಡಿಯುತ್ತಾರೆ. ಆರರಿಂದ ಒಂಬತ್ತನೇ ಭಾಗದವರೆಗೆ ಮಸ್ಟರ್ ರೋಲ್‌ನಲ್ಲಿ 3,504 ಹಾಜರಿ ಇದೆ. ಅದರಲ್ಲಿ 288 ಹಾಜರಿ ಸಂಜೆಯ ನಾಲ್ಕು ಗಂಟೆಯವು. ಪ್ರತಿಯೊಂದನ್ನೂ ಅರ್ಧಕ್ಕೆ ಇಳಿಸಿದರೆ 144 ಕಳೆದು 3,360 ಉಳಿಯುತ್ತದೆ. ಕಳೆದ 144ರ ದುಡ್ಡು ಬಿಟ್ಟುಹೋಗಲಿಲ್ಲ. ಬದಲಾವಣೆಯಿಂದಲೇ ಓವರ್‌ಟೈಮ್ ಮಾಡಬೇಕಾಯಿತು ಎಂದು ತೋರಿಸಬಲ್ಲಿರಾದರೆ ಅದನ್ನು ಬೇರೆ ತಲೆಬರಹದಲ್ಲಿ ಕೇಳಿ, ಇಳುವರಿಯ ಲೆಕ್ಕದೊಳಗೆ ತುರುಕಬೇಡಿ.

ಇಲ್ಲಿಂದ ಮುಂದೆ ಒಂದು ಹಾಜರಿ ಎಂದರೆ ಒಬ್ಬ ಆಳಿನ ಎಂಟು ಗಂಟೆ. ಬಡಗಿಯನ್ನೂ ಹೆಲ್ಪರನ್ನೂ ಕೂಡಿಸಿಯೇ ಎಣಿಸುತ್ತೇವೆ. ಗ್ಯಾಂಗಿನಲ್ಲಿ ಇಬ್ಬರ ಪ್ರಮಾಣ ಎರಡೂ ಅವಧಿಯಲ್ಲಿ ಹೆಚ್ಚುಕಮ್ಮಿ ಒಂದೇ ಇರಬೇಕು. ಮೊದಲು ಹತ್ತು ಬಡಗಿಗೆ ಹತ್ತು ಹೆಲ್ಪರ್ ಇದ್ದು, ಆಮೇಲೆ ಐದು ಬಡಗಿಗೆ ಹದಿನೈದು ಹೆಲ್ಪರ್ ಆದರೆ ಅದು ಬೇರೆಯೇ ಗ್ಯಾಂಗ್.

ಮೈಲಿಯನ್ನು ಆರಿಸುವುದು

ಕ್ಲೇಮಿನ ಜೀವ ಇರುವುದು ಇದರಲ್ಲಿ. ಅಡ್ಡಿಯಿಲ್ಲದ ಮೊದಲ ಐದು ಭಾಗಗಳ ದಾಖಲೆ ಹೀಗಿದೆ:

| ಭಾಗ | ಸೆಂಟ್ರಿಂಗ್ (ಚ.ಮೀ.) | ಹಾಜರಿ | ಒಂದು ಹಾಜರಿಗೆ ಚ.ಮೀ. |
|---|---|---|---|
| 1 | 1,240 | 744 | 1.67 |
| 2 | 1,280 | 520 | 2.46 |
| 3 | 1,260 | 496 | 2.54 |
| 4 | 1,320 | 528 | 2.50 |
| 5 | 1,280 | 512 | 2.50 |

ಮೊದಲ ಭಾಗವನ್ನು ಬಿಡಬೇಕು. ಹೊಸ ಸೈಟು, ಹೊಸ ಜೋಡಣೆ, ಪ್ಲೇಟುಗಳನ್ನು ಅಳತೆಗೆ ಕತ್ತರಿಸಿಕೊಳ್ಳುವ ಕೆಲಸ ಎಲ್ಲ ಅದರಲ್ಲೇ ಸೇರಿದೆ. ಅದನ್ನು ಸೇರಿಸಿದರೆ ಸರಾಸರಿ ಇಳಿದು ನಷ್ಟವಾಗುವುದು ನಿಮಗೇ, ಆದರೂ ಬಿಡಲು ಕಾರಣ ಬರೆದಿಡಿ. ಕಾರಣವಿಲ್ಲದೆ ಬಿಟ್ಟದ್ದೆಲ್ಲ ಬೇಕಾದ್ದನ್ನು ಮಾತ್ರ ಆರಿಸಿಕೊಂಡಂತೆ ಕಾಣುತ್ತದೆ.

ಮೂರನೆಯ ಭಾಗ ಒಂದನ್ನೇ ಹಿಡಿದು 2.54 ಎನ್ನುವ ಆಸೆ ಹುಟ್ಟುವುದು ಸಹಜ. ಬೇಡ. ಒಂಬತ್ತು ದಿನದ ದಾಖಲೆಯ ಮೇಲೆ ಅರವತ್ತು ದಿನದ ಕ್ಲೇಮ್ ನಿಲ್ಲಿಸಿದರೆ ಆರ್ಬಿಟ್ರೇಟರ್ ಕೇಳುವ ಮೊದಲ ಪ್ರಶ್ನೆಯೇ ‘ಉಳಿದ ಮೂರು ಯಾಕಿಲ್ಲ’ ಎಂದು. ಎರಡರಿಂದ ಐದರವರೆಗಿನ ನಾಲ್ಕನ್ನೂ ಕೂಡಿಸಿ: 5,140 ಚದರ ಮೀಟರ್, 2,056 ಹಾಜರಿ, ಅಂದರೆ ಒಂದು ಹಾಜರಿಗೆ 2.50. ಇದೇ ನಮ್ಮ ಮೈಲಿ. ನಾಲ್ಕೂ ಭಾಗಗಳ ಅಂಕಿ ಹತ್ತಿರ ಹತ್ತಿರ ಇರುವುದು ಇದರ ದೊಡ್ಡ ಬಲ. 1.9, 3.1, 2.2 ಎಂದು ಕುಣಿಯುತ್ತಿದ್ದರೆ ಡ್ರಾಯಿಂಗ್ ಬದಲಾಗುವ ಮೊದಲೇ ಆ ಸೈಟಿನಲ್ಲಿ ಬೇರೇನೋ ತಪ್ಪಿತ್ತು ಎಂದರ್ಥ.

ಹೋಲಿಸುವ ಎರಡು ಅವಧಿಗಳ ಕೆಲಸ ಒಂದೇ ಬಗೆಯದಾಗಿರಬೇಕು, ತದ್ರೂಪ ಆಗಿರಬೇಕಿಲ್ಲ. ಇಲ್ಲಿ 10ರಿಂದ 12ನೇ ಭಾಗಗಳಿಗೆ ಎತ್ತರ ಎರಡು ಪಟ್ಟು. ಜಾಕಿಯ ಮೇಲೆ ಜಾಕಿ, ಬ್ರೇಸಿಂಗ್ ಬೇರೆ ಇರುವುದರಿಂದ ಅವನ್ನು ಯಾವ ಕಡೆಗೂ ಸೇರಿಸಲಿಲ್ಲ. ಆರರಿಂದ ಒಂಬತ್ತರವರೆಗೆ ಬೀಮಿನ ಆಳ ಹೆಚ್ಚಿತು, ಆದರೆ ಬದಿಯ ಹೆಚ್ಚುವರಿ ಚದರ ಮೀಟರ್ ಅಳತೆಯಲ್ಲೇ ಬಂದಿದೆ. ಓಪನಿಂಗ್‌ಗಳ ಜಾಗ ಬದಲಾಯಿತೇ ಹೊರತು ಸಂಖ್ಯೆ ಹೆಚ್ಚುಕಮ್ಮಿ ಅಷ್ಟೇ. ಸಂಖ್ಯೆಯೇ ಎರಡರಷ್ಟಾಗಿದ್ದರೆ ಮಾತು ಬೇರೆಯಾಗುತ್ತಿತ್ತು. ಸಣ್ಣ ಬಾಕ್ಸ್ ಕಟ್ಟುವುದು ಅಡ್ಡಿಯಿಲ್ಲದ ದಿನವೂ ನಿಧಾನದ ಕೆಲಸ. ಅದು ಹೊಸ ದರ ಕೇಳಬೇಕಾದ ವಿಷಯ, ಇಳುವರಿ ಕುಸಿತವಲ್ಲ.

ಟೆಂಡರ್ ಹಾಕುವಾಗ ಹಿಡಿದ ಅಂಕಿಯನ್ನು ಮೈಲಿ ಮಾಡಲೇಬಾರದು. ಈ ಗುತ್ತಿಗೆದಾರರು ಟೆಂಡರಿನಲ್ಲಿ ಹಾಜರಿಗೆ 3 ಚದರ ಮೀಟರ್ ಹಿಡಿದಿದ್ದರು ಎಂದುಕೊಳ್ಳಿ. ಅಡ್ಡಿಯಿಲ್ಲದ ದಿನಗಳಲ್ಲೂ ಅವರಿಗೆ ಅದು ದಕ್ಕಲಿಲ್ಲ. 5,040 ಚದರ ಮೀಟರಿಗೆ 3ರ ಲೆಕ್ಕದಲ್ಲಿ 1,680 ಹಾಜರಿ, 2.50ರ ಲೆಕ್ಕದಲ್ಲಿ 2,016. ನಡುವಿನ 336 ಹಾಜರಿ ಟೆಂಡರಿನ ಆತುರಕ್ಕೆ ತೆತ್ತ ದಂಡ. ಮೆಷರ್ಡ್ ಮೈಲಿಗೆ ಇರುವ ಗೌರವಕ್ಕೆ ಕಾರಣವೇ ಇದು: ನಿಮ್ಮ ಮಾಮೂಲಿ ಕುಂದುಕೊರತೆಗಳು ಮೈಲಿಯೊಳಗೆ ಮೊದಲೇ ಸೇರಿಕೊಂಡಿರುತ್ತವೆ.

ಕಚ್ಚಾ ವ್ಯತ್ಯಾಸ, ಆಮೇಲೆ ಕಳೆಯುವುದು

ಅಡ್ಡಿಯ ಅವಧಿಯಲ್ಲಿ ಕೊನೆಗೆ ಉಳಿದ ಕೆಲಸ 5,040 ಚದರ ಮೀಟರ್, ಹಿಡಿದ ಶ್ರಮ 3,360 ಹಾಜರಿ. ಅಂದರೆ ಹಾಜರಿಗೆ 1.50.

```
ಬೇಕಿದ್ದ ಹಾಜರಿ  = 5,040 ÷ 2.50 = 2,016
ಹಿಡಿದ ಹಾಜರಿ   = 3,360
ಕಚ್ಚಾ ವ್ಯತ್ಯಾಸ   = 3,360 − 2,016 = 1,344
```

ಹೆಚ್ಚಿನವರು ಇಲ್ಲಿಗೇ ನಿಲ್ಲಿಸಿ 1,344ಕ್ಕೆ ಕೂಲಿ ಗುಣಿಸಿ ಕಳಿಸಿಬಿಡುತ್ತಾರೆ. ಈ 1,344ರಲ್ಲಿ ಡ್ರಾಯಿಂಗ್ ಬದಲಾಯಿಸಿದವರಿಗೆ ಸಂಬಂಧವೇ ಇಲ್ಲದ್ದೂ ಇದೆ. ಅದನ್ನು ನೀವೇ ತೆಗೆಯದಿದ್ದರೆ ಎದುರಿನವರು ತೆಗೆಯುತ್ತಾರೆ, ಜೊತೆಗೆ ನಿಮ್ಮ ಉಳಿದ ಅಂಕಿಗಳ ಮೇಲಿನ ನಂಬಿಕೆಯನ್ನೂ ತೆಗೆಯುತ್ತಾರೆ.

ಬಿಚ್ಚಿ ಮತ್ತೆ ಕಟ್ಟಿದ ಕೆಲಸಕ್ಕೆ ಎಕ್ಸ್‌ಟ್ರಾ ಐಟಂನಲ್ಲಿ ಆಗಲೇ ದುಡ್ಡು ಬಂದಿದೆ. ಅದಕ್ಕೆ ಹಿಡಿದ 280 ಹಾಜರಿ ಮೊದಲು ಹೋಗಬೇಕು. ಒಂದೇ ಹಾಜರಿಗೆ ಎರಡು ಕಡೆ ದುಡ್ಡು ಕೇಳಿದಂತಾದರೆ ಇಡೀ ಕ್ಲೇಮಿನ ಮೇಲೆ ಅನುಮಾನದ ನೆರಳು ಬೀಳುತ್ತದೆ. ಏಳನೇ ಭಾಗದಲ್ಲಿ ಜಾಕಿ ಬರುವುದು ತಡವಾಗಿ 56 ಜನ ಎರಡು ದಿನ ಕೂತಿದ್ದರು, 112. ಅದು ಗುತ್ತಿಗೆದಾರರದೇ ತಪ್ಪು. ಮಳೆಗೆ ಒಂದೂವರೆ ದಿನ ನಿಂತದ್ದು 84. ಮೈಲಿಯ ಅವಧಿಯಲ್ಲಿ ಮಳೆ ಬಂದಿರಲಿಲ್ಲ, ಆದ್ದರಿಂದ ಇದನ್ನು ಪೂರ್ತಿ ಕಳೆಯಬೇಕು. ಅಲ್ಲೂ ಅಷ್ಟೇ ಮಳೆ ಬಂದಿದ್ದರೆ ಕಳೆಯುವ ಅಗತ್ಯವಿರಲಿಲ್ಲ.

ಇನ್ನೊಂದನ್ನು ಹಲವರು ಮರೆಯುತ್ತಾರೆ. ಯುಗಾದಿಗೆ ಊರಿಗೆ ಹೋದ 20 ಜನ ವಾಪಸ್ ಬರಲಿಲ್ಲ, ಅವರ ಜಾಗಕ್ಕೆ ಪಾವಗಡ, ಮಧುಗಿರಿ ಕಡೆಯಿಂದ ಹೊಸಬರು ಬಂದರು. ಹಬ್ಬಕ್ಕೆ ರಜೆ ಹಾಕಿದ ದಿನಗಳಿಗೆ ಹಾಜರಿಯೇ ಇಲ್ಲ, ಆದ್ದರಿಂದ ಅದು ಲೆಕ್ಕಕ್ಕೆ ಬರುವುದಿಲ್ಲ. ಆದರೆ ಹೊಸಬರ ಮೊದಲ ಆರು ದಿನದ 120 ಹಾಜರಿಯಲ್ಲಿ ಕೈ ಕೂರುವವರೆಗೆ ಅರ್ಧ ಕೆಲಸ ಎಂದು ಹಿಡಿದರೆ 60 ಪೋಲು. ಈ ಅರ್ಧ ಅಂದಾಜೇ. ಮೊದಲ ಭಾಗದ 1.67 ಮತ್ತು ಆಮೇಲಿನ 2.50ರ ಅಂತರವನ್ನು ಇದಕ್ಕೆ ಆಧಾರವಾಗಿ ತೋರಿಸಬಹುದು. ಅಲ್ಲಿ ಕುಸಿತ ಮೂರನೇ ಒಂದರಷ್ಟು, ನಾವು ಅರ್ಧ ಹಿಡಿದಿದ್ದೇವೆ. ಅಂದಾಜು ನಮ್ಮ ವಿರುದ್ಧವೇ ವಾಲಿದ್ದರೆ ಅದರ ಬಗ್ಗೆ ಜಗಳ ಆಡುವವರು ಕಮ್ಮಿ.

```
1,344 − 280 − 112 − 84 − 60 = 808 ಹಾಜರಿ
```

ಬಡಗಿ, ಹೆಲ್ಪರ್ ಕೂಲಿ, ಪಿಎಫ್, ಇಎಸ್‌ಐ ಸೇರಿ ಆ ಅವಧಿಯಲ್ಲಿ ನಿಜವಾಗಿ ಕೊಟ್ಟ ಸರಾಸರಿ ಹಾಜರಿಗೆ ₹900 ಎಂದಾದರೆ 808 × 900, ಅಂದರೆ ₹7,27,200. ಬಿಲ್‌ನ ದರವನ್ನಾಗಲಿ ಲಾಭವನ್ನಾಗಲಿ ಇಲ್ಲಿ ಸೇರಿಸಬೇಡಿ. ಕರಾರು ಕಾಯ್ದೆಯ 73ನೇ ಕಲಮಿನಡಿ ನೀವು ಕೇಳುತ್ತಿರುವುದು ಆದ ನಷ್ಟವನ್ನು. ಸುಪ್ರೀಂ ಕೋರ್ಟ್ 2023ರಲ್ಲಿ ಬಾಟ್ಲಿಬಾಯ್ ಮತ್ತು ಹಿಂದೂಸ್ತಾನ್ ಪೆಟ್ರೋಲಿಯಂ ನಡುವಿನ ಪ್ರಕರಣದಲ್ಲಿ ಓವರ್‌ಹೆಡ್ ಮತ್ತು ಲಾಭದ ನಷ್ಟಕ್ಕೆ ಕೊಟ್ಟ ಆರ್ಬಿಟ್ರೇಷನ್ ತೀರ್ಪನ್ನು ಎತ್ತಿಹಿಡಿಯಲಿಲ್ಲ. ಓವರ್‌ಹೆಡ್, ಲಾಭದ ನಷ್ಟ ಲೆಕ್ಕ ಹಾಕುವ ಸೂತ್ರವನ್ನು ಪುರಾವೆಯಿಲ್ಲದೆ ಹಾಕಿದ್ದು, ಒಂದೇ ನಷ್ಟ ಎರಡು ಸಲ ಲೆಕ್ಕವಾಗಿದ್ದು ಅಲ್ಲಿ ಮುಳುವಾಯಿತು. ಮೆಷರ್ಡ್ ಮೈಲಿಗೂ ಆ ಎಚ್ಚರ ಬೇಕು.

ಕುಸಿತವನ್ನು ಡ್ರಾಯಿಂಗಿಗೆ ಕಟ್ಟಿಹಾಕುವುದು

ಇಲ್ಲಿಯವರೆಗೆ ಸಾಬೀತಾದದ್ದು ಇಳುವರಿ ಕುಸಿಯಿತು ಎಂಬುದಷ್ಟೇ. ಕುಸಿದದ್ದು ಡ್ರಾಯಿಂಗ್ ಬದಲಾವಣೆಯಿಂದ ಎಂದು ಬೇರೆಯಾಗಿ ತೋರಿಸಬೇಕು, ಅದಕ್ಕೆ ಒಂದು ಉದ್ದನೆಯ ಗ್ರಾಫ್ ಹಾಳೆ ಸಾಕು. ಅಡ್ಡಗೆರೆಯ ಮೇಲೆ ದಿನಾಂಕ, ಲಂಬಗೆರೆಯ ಮೇಲೆ ಆ ದಿನ ಹಾಜರಿಗೆ ಎಷ್ಟು ಚದರ ಮೀಟರ್ ಆಯಿತು ಎಂಬುದು. ಪ್ರತಿ ರಿವಿಷನ್ ಸೈಟಿಗೆ ತಲುಪಿದ ದಿನ ಒಂದು ಕೆಂಪು ಗೆರೆ ಎಳೆಯಿರಿ. ಡ್ರಾಯಿಂಗ್ ಮೇಲಿರುವ ದಿನಾಂಕವಲ್ಲ, ಇನ್‌ವರ್ಡ್ ರಿಜಿಸ್ಟರಿನ ಮುದ್ರೆಯ ದಿನಾಂಕ ಮುಖ್ಯ. ‘ಕೆಲಸ ನಿಲ್ಲಿಸಿ, ಬದಲಾಗುತ್ತದೆ’ ಎಂದು ಮೊದಲೇ ಹೇಳಿದ್ದರೆ ಆ ದಿನಕ್ಕೂ ಇನ್ನೊಂದು ಗೆರೆ. ಕುಸಿತ ಶುರುವಾಗುವುದು ಬಹಳ ಸಲ ಆ ಮಾತು ಬಂದ ದಿನದಿಂದಲೇ.

ಕೆಂಪು ಗೆರೆಯಾದ ಮೇಲೆ ಇಳುವರಿ ಬಿದ್ದಿದೆಯೇ, ಬದಲಾವಣೆ ನಿಂತ ಮೇಲೆ ಎದ್ದಿದೆಯೇ, ಈ ಎರಡನ್ನೂ ನೋಡಿ. ನಮ್ಮ ಉದಾಹರಣೆಯ ಎಂಟನೇ ಭಾಗದಲ್ಲಿ ಹನ್ನೊಂದು ದಿನ ಹೊಸ ಡ್ರಾಯಿಂಗ್ ಬರಲಿಲ್ಲ, ಇಳುವರಿ 2.3ರವರೆಗೆ ಏರಿತು, ನಾಲ್ಕನೇ ರಿವಿಷನ್ ಬಂದ ಮೂರನೇ ದಿನ ಮತ್ತೆ ಕುಸಿಯಿತು ಎಂದುಕೊಳ್ಳಿ. ಅದೇ ಗ್ಯಾಂಗ್, ಅದೇ ಮೇಸ್ತ್ರಿ. ಗ್ಯಾಂಗ್ ಸರಿಯಿಲ್ಲ, ಮೇಲ್ವಿಚಾರಣೆ ಸರಿಯಿಲ್ಲ ಎನ್ನುವ ವಾದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗದು. ಇದಕ್ಕೆ ತದ್ವಿರುದ್ಧವಾಗಿ, ಮೊದಲ ಕೆಂಪು ಗೆರೆಗಿಂತ ಮೊದಲೇ ಇಳುವರಿ ಬಿದ್ದಿದ್ದರೆ ಕಾರಣ ಬೇರೆ ಇದೆ. ಕ್ಲೇಮ್ ಕಳಿಸುವ ಮೊದಲು ಅದನ್ನು ಹುಡುಕಿ.

ಗ್ರಾಫಿನ ಹಿಂದೆ ದಿನಚರಿ ಬೇಕು. ಸೈಟಿನ ದಿನದ ವರದಿಯಾದ ಡಿಪಿಆರ್‌ನಲ್ಲಿ ‘ಡ್ರಾಯಿಂಗ್ ಬದಲಾವಣೆಯಿಂದ ತೊಂದರೆ’ ಎಂಬ ಸಾಲು ಎಷ್ಟು ಸಲ ಬರೆದರೂ ಪ್ರಯೋಜನ ಅಷ್ಟಕ್ಕಷ್ಟೆ. ‘ಗ್ರಿಡ್ ಸಿ-4ರಿಂದ ಸಿ-7, ಬೆಳಿಗ್ಗೆ 10ಕ್ಕೆ ನಿಂತಿತು, 22 ಜನ ಗ್ರಿಡ್ ಎಫ್‌ಗೆ, ಮಧ್ಯಾಹ್ನ 3ಕ್ಕೆ ವಾಪಸ್, ರಿವಿಷನ್ 3 ಕಾಯುತ್ತಿದ್ದೇವೆ’ ಎಂದು ಬರೆದು ಎದುರಿನ ಇಂಜಿನಿಯರ್ ಸಹಿ ಹಾಕಿಸಿಕೊಂಡರೆ ಅದು ಪುರಾವೆ. ಸಹಿ ಹಾಕದಿದ್ದರೆ ಅದೇ ಸಂಜೆ ಇಮೇಲ್ ಮಾಡಿ. ವಾಟ್ಸಾಪ್ ಗುಂಪಿನಲ್ಲಿ ಬಂದ ಸ್ಕೆಚ್, ‘ಹೋಲ್ಡ್ ಮಾಡಿ’ ಎಂಬ ಸಂದೇಶ ಕೂಡ ಕೆಲಸಕ್ಕೆ ಬರುತ್ತವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಲಿ. ಫೋನ್ ಬದಲಿಸುವ ಮೊದಲು ಚಾಟ್ ಎಕ್ಸ್‌ಪೋರ್ಟ್ ಮಾಡಿಡಿ, ಸೈಟ್ ಇಂಜಿನಿಯರ್ ಕೆಲಸ ಬಿಟ್ಟು ಹೋದ ಮೇಲೆ ಆ ಫೋನನ್ನು ಎಲ್ಲಿ ಹುಡುಕುತ್ತೀರಿ?

ಅಡ್ಡಿಯಿಲ್ಲದ ಅವಧಿಯೇ ಇಲ್ಲದಿದ್ದರೆ

ಮೊದಲ ದಿನದಿಂದಲೇ ಡ್ರಾಯಿಂಗ್ ಅಲ್ಲಾಡುತ್ತಿದ್ದರೆ ಎಲ್ಲಕ್ಕಿಂತ ಕಡಿಮೆ ಅಡ್ಡಿಯಾದ ಅವಧಿಯನ್ನೇ ಮೈಲಿ ಮಾಡಿ. ಅಲ್ಲೂ ಒಂದಿಷ್ಟು ಕುಸಿತ ಇರುವುದರಿಂದ ಬರುವ ಮೊತ್ತ ನಿಜಕ್ಕಿಂತ ಕಮ್ಮಿ ಇರುತ್ತದೆ, ಅದನ್ನು ಹಾಗೆಂದೇ ಬರೆಯಿರಿ. ಮೈಲಿ ಮೊದಲೇ ಬರಬೇಕೆಂದಿಲ್ಲ, ಡ್ರಾಯಿಂಗ್ ಸ್ಥಿರವಾದ ಮೇಲಿನ ಅವಧಿಯೂ ಆದೀತು. ಅದೂ ಸಿಗದಿದ್ದರೆ ನಿಮ್ಮದೇ ಇನ್ನೊಂದು ಸೈಟಿನ ಇದೇ ಬಗೆಯ ಕೆಲಸ. ಆದರೆ ಅಲ್ಲಿನ ಎತ್ತರ, ಪ್ಲೇಟಿನ ಬಗೆ, ಗ್ಯಾಂಗ್ ಎಲ್ಲ ಹೊಂದುತ್ತವೆ ಎಂದು ತೋರಿಸುವ ಭಾರ ನಿಮ್ಮ ಮೇಲೆ ಬೀಳುತ್ತದೆ. ‘ಒಟ್ಟು ಖರ್ಚು ಇಷ್ಟು, ಬಂದ ಬಿಲ್ ಇಷ್ಟು, ಉಳಿದದ್ದೆಲ್ಲ ನಿಮ್ಮಿಂದ’ ಎನ್ನುವ ಲೆಕ್ಕ ಎಲ್ಲಕ್ಕಿಂತ ದುರ್ಬಲ. ನಿಮ್ಮ ತಪ್ಪು, ಮಳೆ, ಟೆಂಡರಿನ ಆತುರ ಎಲ್ಲ ಅದರಲ್ಲಿ ಒಂದೇ ಮೂಟೆಯಾಗಿರುತ್ತದೆ.

ಕಳಿಸುವಾಗ ಮುಖಪುಟಕ್ಕೆ 808ರ ಲೆಕ್ಕ ಒಂದೇ ಪುಟದಲ್ಲಿ ಬರಲಿ, ಗ್ರಾಫ್ ಅದರ ಹಿಂದೆ, ಆಮೇಲೆ ಅಳತೆ ಪುಸ್ತಕದ ಪ್ರತಿ, ಮಸ್ಟರ್ ರೋಲ್, ಕೂಲಿ ಪಾವತಿಯ ದಾಖಲೆ, ಡ್ರಾಯಿಂಗ್ ರಿಜಿಸ್ಟರ್. ಕಳೆದ ನಾಲ್ಕು ಅಂಕಿಗಳನ್ನು ಅಡಿಟಿಪ್ಪಣಿಗೆ ತಳ್ಳದೆ ಮೊದಲ ಪುಟದಲ್ಲೇ ಇಡಿ. ಎದುರಿನ ಇಂಜಿನಿಯರ್ ಮೊದಲು ಹುಡುಕುವುದು ಜಾಕಿ ತಡವಾದ ಆ ಎರಡು ದಿನಗಳನ್ನೇ.